ಆರು ತಿಂಗಳು ದಾಟಿದ ಮಗುವಿನ ರಾತ್ರಿ ಹಾಲೂಡಿಕೆ: ಎಷ್ಟು ಬಾರಿ ಸಹಜ, ಹೇಗೆ ಕಡಿಮೆ ಮಾಡಬೇಕು

ಮಲ್ಪೆ ಮೀನುಗಾರಿಕಾ ಬಂದರಿನ ಕೆಲಸ ಸೂರ್ಯೋದಯಕ್ಕಿಂತ ಮೊದಲೇ ಆರಂಭವಾಗುತ್ತದೆ. ಬೋಟುಗಳು ದಕ್ಕೆಗೆ ಬಂದು ಮೀನು ಇಳಿದ ಕೂಡಲೇ ಹರಾಜು ನಡೆಯುತ್ತದೆ. ಹರಾಜಿನಲ್ಲಿ ಮೀನು ಕೊಂಡು ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಕಡೆಗೆ ಒಯ್ದು ಮಾರುವ ಮಹಿಳೆಯರೂ, ಮೀನು ವಿಂಗಡಿಸುವ ಮತ್ತು ಸಂಸ್ಕರಿಸುವ ಕೆಲಸಕ್ಕೆ ಹೋಗುವ ಮಹಿಳೆಯರೂ ನಸುಕಿನಲ್ಲೇ ಮನೆ ಬಿಡುತ್ತಾರೆ. ಮಲ್ಪೆಯು ಉಡುಪಿ ನಗರಸಭೆಯ ವ್ಯಾಪ್ತಿಗೆ ಸೇರಿದ್ದರೂ ಈ ಮಹಿಳೆಯರಲ್ಲಿ ಅನೇಕರು ಬಡಾನಿಡಿಯೂರು, ತೆಂಕನಿಡಿಯೂರು, ಕಡೆಕಾರು ಮೊದಲಾದ ಸುತ್ತಲಿನ ಗ್ರಾಮ ಪಂಚಾಯತಿಗಳ ನಿವಾಸಿಗಳು.

ಇಂತಹ ಮನೆಗಳಲ್ಲಿ ಎಂಟು ಹತ್ತು ತಿಂಗಳ ಮಗುವಿದ್ದರೆ ಒಂದು ತೊಂದರೆ ಸಾಮಾನ್ಯವಾಗಿ ಕಂಡುಬರುತ್ತದೆ. ಮಗು ರಾತ್ರಿ ಮೂರು ನಾಲ್ಕು ಬಾರಿ ಎದ್ದು ಹಾಲು ಕುಡಿಯುತ್ತದೆ. ತಾಯಿಗೆ ಸತತವಾಗಿ ಎರಡು ಗಂಟೆಯ ನಿದ್ದೆಯೂ ದೊರೆಯುವುದಿಲ್ಲ. ಆಗ ಮನೆಯವರು ಎರಡರಲ್ಲಿ ಒಂದು ದಾರಿ ಹಿಡಿಯುತ್ತಾರೆ. ಒಂದೋ, ರಾತ್ರಿಯ ಹಾಲನ್ನು ಒಮ್ಮೆಲೇ ನಿಲ್ಲಿಸಿಬಿಡುತ್ತಾರೆ. ಇಲ್ಲವೇ, ನೀರು ಬೆರೆಸಿದ ಹಸುವಿನ ಹಾಲನ್ನು ಬಾಟಲಿಯಲ್ಲಿ ತುಂಬಿ ಮಗುವಿನ ಬಾಯಿಗಿಟ್ಟು ಮಲಗಿಸುತ್ತಾರೆ. ಮೊದಲನೆಯದರಿಂದ ಮಗುವಿನ ತೂಕ ಏರುವುದು ನಿಲ್ಲಬಹುದು, ತಾಯಿಯ ಹಾಲೂ ಕಡಿಮೆಯಾಗಬಹುದು. ಎರಡನೆಯದರಿಂದ ಉಸಿರುಗಟ್ಟುವ ಅಪಾಯ, ಭೇದಿ ಮತ್ತು ಹಲ್ಲಿನ ಹುಳುಕು ಉಂಟಾಗಬಹುದು.

ಸದಸ್ಯರು ತಮ್ಮ ವಾರ್ಡಿನ ಕುಟುಂಬಗಳಿಗೆ, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರ ಮೂಲಕ, ಸರಿಯಾದ ಕ್ರಮವನ್ನು ತಿಳಿಸಲು ಅನುಕೂಲವಾಗುವಂತೆ ಈ ವಿವರಣೆಯನ್ನು ನೀಡಲಾಗಿದೆ. ಇದರ ಸಾರಾಂಶ ಇಷ್ಟೇ: ರಾತ್ರಿಯ ಹಾಲನ್ನು ಕಡಿಮೆ ಮಾಡುವ ಕೆಲಸ ಹಗಲಿನ ಊಟದಿಂದ ಆರಂಭವಾಗಬೇಕೇ ಹೊರತು ರಾತ್ರಿಯಿಂದಲ್ಲ.

1. ವಯಸ್ಸಿಗೆ ತಕ್ಕಂತೆ ಎಷ್ಟು ಬಾರಿ ಸಹಜ?

ವಿಶ್ವ ಆರೋಗ್ಯ ಸಂಸ್ಥೆಯು ಮೊದಲ ಆರು ತಿಂಗಳು ಎದೆಹಾಲು ಮಾತ್ರ, ನಂತರ ಪೂರಕ ಆಹಾರದೊಂದಿಗೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಎದೆಹಾಲು ನೀಡಬೇಕೆಂದು ಹೇಳುತ್ತದೆ. ಹಗಲಾಗಲಿ ರಾತ್ರಿಯಾಗಲಿ ಮಗು ಕೇಳಿದಾಗ ಹಾಲು ಕೊಡಬೇಕೆಂಬುದು ಅದರ ಸಲಹೆ; ರಾತ್ರಿ ಇಷ್ಟೇ ಬಾರಿ ಎಂಬ ಸಂಖ್ಯೆಯನ್ನು ಅದು ನಿಗದಿಪಡಿಸಿಲ್ಲ. ಆದ್ದರಿಂದ ಕೆಳಗಿನ ಸಂಖ್ಯೆಗಳನ್ನು ನಿಯಮವೆಂದು ಭಾವಿಸದೆ, ಆರೋಗ್ಯವಂತ ಮಕ್ಕಳಲ್ಲಿ ಸಾಮಾನ್ಯವಾಗಿ ಕಾಣುವ ಮಿತಿಯೆಂದು ತಿಳಿಯಬೇಕು. ಇಲ್ಲಿ ರಾತ್ರಿಯೆಂದರೆ ತಾಯಿ ಮಲಗುವ ಸುಮಾರು ಹತ್ತು ಗಂಟೆಯಿಂದ ಅವಳು ಏಳುವವರೆಗಿನ ಅವಧಿ.

ಹುಟ್ಟಿನಿಂದ ಮೂರು ತಿಂಗಳವರೆಗೆ: ಎರಡರಿಂದ ನಾಲ್ಕು ಬಾರಿ. ಈ ವಯಸ್ಸಿನಲ್ಲಿ ಮಗುವಿಗೆ ದಿನದ 24 ಗಂಟೆಗಳಲ್ಲಿ 8ರಿಂದ 12 ಬಾರಿ ಹಾಲು ಬೇಕು. ರಾತ್ರಿಯ ಹಾಲನ್ನು ಕಡಿಮೆ ಮಾಡುವ ಪ್ರಶ್ನೆಯೇ ಇಲ್ಲ.

ಮೂರರಿಂದ ಆರು ತಿಂಗಳು: ಒಂದರಿಂದ ಮೂರು ಬಾರಿ. ಕೆಲವು ಮಕ್ಕಳು ತಾವಾಗಿಯೇ ದೀರ್ಘ ನಿದ್ದೆ ಮಾಡುತ್ತವೆ. ಆದರೆ ಹಿರಿಯರು ಮುಂದಾಗಿ ಹಾಲು ತಪ್ಪಿಸುವುದು ಸಲ್ಲದು.

ಆರರಿಂದ ಒಂಬತ್ತು ತಿಂಗಳು: ಒಂದು ಅಥವಾ ಎರಡು ಬಾರಿ. ಹಲ್ಲು ಬರುವಾಗ, ಶೀತವಾದಾಗ ಇದು ಕೆಲವು ದಿನ ಹೆಚ್ಚಬಹುದು.

ಒಂಬತ್ತರಿಂದ ಹನ್ನೆರಡು ತಿಂಗಳು: ಒಂದು ಬಾರಿ, ಅಥವಾ ಇಲ್ಲವೇ ಇಲ್ಲ. ಎದೆಹಾಲು ಕುಡಿಯುವ ಮಗುವಿಗೆ ಎರಡು ಬಾರಿಯಾದರೂ ಅದು ಅಸಹಜವಲ್ಲ.

ಹನ್ನೆರಡು ತಿಂಗಳ ನಂತರ: ಹಗಲು ಚೆನ್ನಾಗಿ ಉಣ್ಣುವ ಮಗುವಿಗೆ ಪೋಷಣೆಯ ದೃಷ್ಟಿಯಿಂದ ರಾತ್ರಿಯ ಹಾಲು ಅನಿವಾರ್ಯವಲ್ಲ. ಆದರೂ ತಾಯಿಗೆ ತೊಂದರೆಯಿಲ್ಲದಿದ್ದರೆ ಎದೆಹಾಲನ್ನು ಮುಂದುವರಿಸುವುದರಲ್ಲಿ ದೋಷವಿಲ್ಲ.

ಪುಡಿ ಹಾಲು ಕುಡಿಯುವ ಆರೋಗ್ಯವಂತ ಮಗುವಿನಲ್ಲಿ ಆರು ತಿಂಗಳ ನಂತರ ರಾತ್ರಿಯ ಹಾಲನ್ನು ಕ್ರಮೇಣ ಕಡಿಮೆ ಮಾಡುವ ಯೋಚನೆ ಮಾಡಬಹುದು. ಎದೆಹಾಲು ಕುಡಿಯುವ ಮಗುವಿನಲ್ಲಿ ಪೂರ್ಣವಾಗಿ ನಿಲ್ಲಿಸುವುದನ್ನು ಒಂದು ವರ್ಷದವರೆಗೆ ಮುಂದೂಡುವುದು ಲೇಸು. ರಾತ್ರಿ ಹಾಲೂಡಿಕೆ ನಿಂತರೆ ತಾಯಿಯ ಒಟ್ಟು ಹಾಲಿನ ಉತ್ಪತ್ತಿಯೂ ಇಳಿಯುವ ಸಂಭವವಿರುವುದೇ ಇದಕ್ಕೆ ಕಾರಣ. ಅದಕ್ಕೂ ಮೊದಲು ನಾಲ್ಕು ಬಾರಿಯನ್ನು ಎರಡಕ್ಕೆ ಇಳಿಸುವುದರಲ್ಲಿ ತಪ್ಪಿಲ್ಲ. ದುಡಿಯುವ ತಾಯಿಗೆ ಆ ಎರಡರ ವ್ಯತ್ಯಾಸವೇ ದೊಡ್ಡದು.

2. ಹಾಲು ರಾತ್ರಿಗೆ ಸರಿಯುವುದೇಕೆ?

ಮಗುವಿಗೆ ದಿನಕ್ಕೆ ಬೇಕಾದ ಆಹಾರದ ಪ್ರಮಾಣ ಹೆಚ್ಚುಕಡಿಮೆ ನಿಗದಿಯಾದದ್ದು. ಅದು ಹಗಲಿನಲ್ಲಿ ದೊರೆಯದಿದ್ದರೆ ಮಗು ರಾತ್ರಿಯಲ್ಲಿ ಪಡೆಯುತ್ತದೆ. ನಸುಕಿನ ನಾಲ್ಕೂವರೆಗೆ ಮನೆ ಬಿಟ್ಟ ತಾಯಿ ಮಧ್ಯಾಹ್ನ ಒಂದು ಗಂಟೆಗೆ ಹಿಂದಿರುಗಿದರೆ ಎಂಟೂವರೆ ಗಂಟೆಗಳ ಕಾಲ ಮಗುವಿಗೆ ಎದೆಹಾಲು ಇರುವುದಿಲ್ಲ. ಆ ಅವಧಿಯಲ್ಲಿ ಮನೆಯ ಹಿರಿಯರು ಕೊಡುವುದು ಹಲವು ವೇಳೆ ಕುಚ್ಚಲಕ್ಕಿ ಗಂಜಿಯ ತಿಳಿ, ತೆಳ್ಳಗಿನ ರಾಗಿ ಮಣ್ಣಿ ಅಥವಾ ಚಹಾದಲ್ಲಿ ಅದ್ದಿದ ಬಿಸ್ಕತ್ತು. ಇವುಗಳಿಂದ ಹೊಟ್ಟೆ ತುಂಬಿದಂತೆ ಕಾಣುತ್ತದೆ. ಶಕ್ತಿ ಮಾತ್ರ ದೊರೆಯುವುದಿಲ್ಲ. ಉಳಿದ ಹಸಿವನ್ನು ಮಗು ತಾಯಿ ಪಕ್ಕದಲ್ಲಿರುವ ಹೊತ್ತಿನಲ್ಲಿ, ಅಂದರೆ ರಾತ್ರಿಯಲ್ಲಿ, ತೀರಿಸಿಕೊಳ್ಳುತ್ತದೆ. ಇದು ಮಗುವಿನ ಹಟವೂ ಅಲ್ಲ, ತಾಯಿಯ ಅಭ್ಯಾಸದೋಷವೂ ಅಲ್ಲ. ಇಂತಹ ಮಗುವಿನ ರಾತ್ರಿಯ ಹಾಲನ್ನು ಮೊದಲು ಕಿತ್ತುಕೊಂಡರೆ ಅದರ ದಿನದ ಆಹಾರದ ಒಂದು ದೊಡ್ಡ ಪಾಲನ್ನೇ ಕಿತ್ತುಕೊಂಡಂತಾಗುತ್ತದೆ.

ಇದರ ಜೊತೆಗೆ ಇನ್ನೊಂದು ಸಂಗತಿಯನ್ನು ಬೇರೆಯಾಗಿ ನೋಡಬೇಕು: ಎಚ್ಚರವಾಗುವುದು ಬೇರೆ, ಹಸಿಯುವುದು ಬೇರೆ. 2015ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ ಆರರಿಂದ ಹನ್ನೆರಡು ತಿಂಗಳ ಮಕ್ಕಳ 715 ತಾಯಂದಿರನ್ನು ವಿಚಾರಿಸಲಾಗಿತ್ತು. ಶೇಕಡಾ 78ಕ್ಕೂ ಹೆಚ್ಚು ಮಕ್ಕಳು ರಾತ್ರಿ ಒಮ್ಮೆಯಾದರೂ ಏಳುತ್ತಿದ್ದವು. ಶೇಕಡಾ 61ರಷ್ಟು ಮಕ್ಕಳು ಒಮ್ಮೆಯಾದರೂ ಹಾಲು ಕುಡಿಯುತ್ತಿದ್ದವು. ಎದೆಹಾಲಿನ ಮಕ್ಕಳಿಗೂ ಪುಡಿ ಹಾಲಿನ ಮಕ್ಕಳಿಗೂ ಇದರಲ್ಲಿ ಅಂತರವಿರಲಿಲ್ಲ. ಹಗಲಿನಲ್ಲಿ ಹೆಚ್ಚು ಬಾರಿ ಹಾಲು ಅಥವಾ ಊಟ ಪಡೆದ ಮಕ್ಕಳು ರಾತ್ರಿ ಹಾಲು ಕುಡಿಯುವುದು ಕಡಿಮೆಯಿತ್ತು. ಆದರೆ ಅವು ಎಚ್ಚರವಾಗುವುದು ಕಡಿಮೆಯಿರಲಿಲ್ಲ.

ಇದರ ತಾತ್ಪರ್ಯವನ್ನು ಕುಟುಂಬಗಳಿಗೆ ಮೊದಲೇ ತಿಳಿಸುವುದು ಅಗತ್ಯ. ಹಗಲಿನ ಊಟ ಸರಿಯಾದರೆ ರಾತ್ರಿಯ ಹಾಲು ಕಡಿಮೆಯಾಗಬಲ್ಲುದು. ಮಗು ಬೆಳಗಿನವರೆಗೆ ಏಳುವುದೇ ಇಲ್ಲ ಎಂಬ ಭರವಸೆಯನ್ನು ಯಾರೂ ಕೊಡಲಾಗದು. ಎದ್ದ ಮಗುವನ್ನು ಹಾಲಿಲ್ಲದೆ ಮಲಗಿಸಲು ತಂದೆಯಾಗಲಿ ಅಜ್ಜಿಯಾಗಲಿ ಸಿದ್ಧರಿರುವ ಮನೆಯಲ್ಲಿ ಮಾತ್ರ ತಾಯಿಯ ನಿದ್ದೆ ಉಳಿಯುತ್ತದೆ.

3. ಮೊದಲ ಹೆಜ್ಜೆ: ಹಗಲಿನ ಊಟ

ಆರರಿಂದ ಎಂಟು ತಿಂಗಳ ಮಗುವಿಗೆ ದಿನಕ್ಕೆ ಎರಡು ಮೂರು ಬಾರಿ, ಒಂಬತ್ತು ತಿಂಗಳ ನಂತರ ಮೂರು ನಾಲ್ಕು ಬಾರಿ ಊಟ ಬೇಕು. ಇದಲ್ಲದೆ ನಡುವೆ ಒಂದೆರಡು ಬಾರಿ ಹಣ್ಣು ಮೊದಲಾದ ಲಘು ಆಹಾರ ಕೊಡಬಹುದು. ಒಂಬತ್ತರಿಂದ ಹನ್ನೊಂದು ತಿಂಗಳಲ್ಲಿ ಒಂದು ಹೊತ್ತಿಗೆ 250 ಮಿಲಿಲೀಟರ್ ಹಿಡಿಯುವ ಬಟ್ಟಲಿನ ಅರ್ಧದಷ್ಟು, ವರ್ಷ ತುಂಬಿದ ಮೇಲೆ ಮುಕ್ಕಾಲು ಬಟ್ಟಲಿನಷ್ಟು ಎಂಬುದು ಅಂದಾಜಿಗೆ ಸಾಕಾಗುವ ಅಳತೆ.

ಪ್ರಮಾಣಕ್ಕಿಂತಲೂ ಹೆಚ್ಚಾಗಿ ತಪ್ಪುವುದು ಹದದಲ್ಲಿ. ಚಮಚದಲ್ಲಿ ತೆಗೆದು ಓರೆ ಮಾಡಿದಾಗ ನೀರಿನಂತೆ ಹರಿದುಬೀಳುವ ಆಹಾರವು ಈ ವಯಸ್ಸಿನ ಮಗುವಿಗೆ ತಕ್ಕದ್ದಲ್ಲ; ಅದು ಚಮಚದಲ್ಲಿ ನಿಲ್ಲಬೇಕು. ಗಂಜಿಯ ತಿಳಿಯ ಬದಲು ಅದೇ ಗಂಜಿಯ ಅನ್ನವನ್ನು ನುಣ್ಣಗೆ ಮಸೆದು, ಬೇಯಿಸಿದ ತೊಗರಿ ಅಥವಾ ಹೆಸರು ಬೇಳೆಯನ್ನು ಸೇರಿಸಿ, ಒಂದು ಚಮಚ ತುಪ್ಪ ಅಥವಾ ತೆಂಗಿನೆಣ್ಣೆ ಬೆರೆಸಿದರೆ ಅಷ್ಟೇ ಬಟ್ಟಲಿನಲ್ಲಿ ಹಲವು ಪಟ್ಟು ಶಕ್ತಿ ದೊರೆಯುತ್ತದೆ. ರಾಗಿ ಮಣ್ಣಿಯನ್ನು ಗಟ್ಟಿಯಾಗಿ ಕಾಯಿಸಬೇಕು. ಕರಾವಳಿಯ ಮನೆಗಳಲ್ಲಿ ಮೀನು ಸುಲಭವಾಗಿ ದೊರೆಯುವುದರಿಂದ ಬೇಯಿಸಿದ ಕಾಣೆ ಅಥವಾ ಬಂಗುಡೆಯ ತಿರುಳನ್ನು ಮುಳ್ಳು ಪೂರ್ಣವಾಗಿ ತೆಗೆದು, ಬೆರಳಿನಿಂದ ಹಿಸುಕಿ ನೋಡಿ, ಅನ್ನದೊಂದಿಗೆ ಕಲಸಿ ಕೊಡಬಹುದು. ಮಗುವಿನ ಪಾಲನ್ನು ಉಪ್ಪು, ಖಾರ, ಹುಳಿ ಹಾಕುವ ಮೊದಲೇ ತೆಗೆದಿರಿಸಬೇಕು. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪವನ್ನಾಗಲಿ, ಎದೆಹಾಲಿನ ಬದಲಿಗೆ ಹಸುವಿನ ಹಾಲನ್ನಾಗಲಿ ಕೊಡಬಾರದು. ಚಹಾ ಸರ್ವಥಾ ಬೇಡ. ಅದು ಆಹಾರದಲ್ಲಿರುವ ಕಬ್ಬಿಣಾಂಶವು ದೇಹಕ್ಕೆ ಸೇರುವುದನ್ನು ತಡೆಯುತ್ತದೆ.

ತಾಯಿ ಮನೆಯಲ್ಲಿಲ್ಲದ ಹೊತ್ತಿಗೆ ಎದೆಹಾಲನ್ನು ಹಿಂಡಿ ಇಡುವುದು ಸಾಧ್ಯ. ಕೈ ತೊಳೆದು, ಕುದಿಸಿ ಶುಚಿಗೊಳಿಸಿದ ಮುಚ್ಚಳವಿರುವ ಸ್ಟೀಲ್ ಪಾತ್ರೆಯಲ್ಲಿ ಸಂಗ್ರಹಿಸಬೇಕು. ತಂಪಾದ ಕೋಣೆಯಲ್ಲಿ, ಅಂದರೆ 25 ಡಿಗ್ರಿ ಸೆಲ್ಸಿಯಸ್‌ವರೆಗಿನ ಉಷ್ಣತೆಯಲ್ಲಿ, ಅದು ನಾಲ್ಕು ಗಂಟೆ ಕೆಡದೆ ಉಳಿಯುತ್ತದೆ. ಕರಾವಳಿಯ ಸೆಕೆಯಲ್ಲಿ ಅಷ್ಟು ಹೊತ್ತು ಹೊರಗಿಡುವುದು ಸರಿಯಲ್ಲದ ಕಾರಣ ಫ್ರಿಜ್ಜಿನಲ್ಲಿಡುವುದೇ ಸುರಕ್ಷಿತ. ಬಂದರಿನಲ್ಲಿ ಹಾಲು ಹಿಂಡುವ ತಾಯಂದಿರು ಮೀನಿಗೆ ಹಾಕುವ ಮಂಜುಗಡ್ಡೆಯ ನಡುವೆ ಹಾಲಿನ ಪಾತ್ರೆಯನ್ನು ಹೂತಿಡಬಾರದು. ಆ ಮಂಜುಗಡ್ಡೆಯೂ ಅದರ ನೀರೂ ಶುದ್ಧವಲ್ಲ. ಇಟ್ಟ ಹಾಲನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಉಗುರು ಬೆಚ್ಚಗಾಗಿಸಿ, ಬಾಟಲಿಯ ಬದಲು ಲೋಟ ಅಥವಾ ಚಮಚದಿಂದ ಕುಡಿಸಬೇಕು.

4. ನಿದ್ದೆಗಣ್ಣಿನ ಹಾಲೂಡಿಕೆ

ಪಾಲಕರಲ್ಲಿ ಡ್ರೀಮ್ ಫೀಡ್ ಎಂದು ಈಚೆಗೆ ಪ್ರಚಲಿತವಾಗಿರುವ ಕ್ರಮವೆಂದರೆ ಇದು: ಎಂಟು ಗಂಟೆಗೆ ಮಲಗಿದ ಮಗುವನ್ನು ತಾಯಿ ತಾನು ಮಲಗುವ ಮುನ್ನ, ಹತ್ತು ಹತ್ತೂವರೆಯ ಸುಮಾರಿಗೆ, ಪೂರ್ಣವಾಗಿ ಎಬ್ಬಿಸದೆ ಎತ್ತಿಕೊಂಡು ಹಾಲು ಕುಡಿಸುವುದು. ದೀಪವನ್ನು ಮಂದವಾಗಿರಿಸಬೇಕು, ಮಾತು, ಆಟ ಕೂಡದು. ಮೊಲೆತೊಟ್ಟು ಕೆಳತುಟಿಗೆ ತಾಗಿದಾಗ ಮಗು ಅರೆನಿದ್ದೆಯಲ್ಲೇ ಬಾಯಿ ತೆರೆಯುತ್ತದೆ. ಹಾಲು ಕುಡಿದ ಮೇಲೆ ಭುಜದ ಮೇಲೆ ಸ್ವಲ್ಪ ಹೊತ್ತು ಹಾಕಿಕೊಂಡು, ಬೆನ್ನಿನ ಮೇಲೆ ಮಲಗಿಸಬೇಕು.

ಇದರ ಪ್ರಯೋಜನ ಒಂದೇ: ಮಗುವಿನ ಒಂದು ಎಚ್ಚರವನ್ನು ತಾಯಿಯ ನಿದ್ದೆಗಿಂತ ಮುಂಚಿನ ಹೊತ್ತಿಗೆ ಸರಿಸುವುದು. ಹನ್ನೊಂದಕ್ಕೆ ಏಳಬೇಕಾಗಿದ್ದ ಮಗು ಹತ್ತಕ್ಕೇ ಕುಡಿದರೆ ತಾಯಿಯ ಮೊದಲ ನಿದ್ದೆ ಮುರಿಯುವುದಿಲ್ಲ. ಎಲ್ಲ ಮಕ್ಕಳಿಗೂ ಇದು ಹೊಂದುವುದಿಲ್ಲ. ಕೆಲವು ಮಕ್ಕಳು ಎತ್ತಿದ ಕೂಡಲೇ ಪೂರ್ಣ ಎಚ್ಚರಗೊಂಡು ಒಂದು ಗಂಟೆ ಮಲಗುವುದಿಲ್ಲ. ಕೆಲವು ಕುಡಿದರೂ ಹಿಂದಿನ ಸಮಯಕ್ಕೇ ಏಳುತ್ತವೆ. ಒಂದು ವಾರ ಪ್ರಯತ್ನಿಸಿ ನಂತರದ ಎಚ್ಚರದ ಸಮಯ ಮುಂದಕ್ಕೆ ಹೋಗದಿದ್ದರೆ ಇದನ್ನು ಕೈಬಿಡಬೇಕು. ಇಲ್ಲದಿದ್ದರೆ ಕಡಿಮೆಯಾಗಬೇಕಾದ ಸಂಖ್ಯೆಗೆ ಇನ್ನೊಂದು ಸೇರಿದಂತಾಗುತ್ತದೆ.

ಈ ಹೊತ್ತಿನಲ್ಲಿ ಬಾಟಲಿ ಬಳಸುವ ಮನೆಗಳಿಗೆ ಒಂದು ಎಚ್ಚರಿಕೆ. ಮಗುವನ್ನು ತಲೆ ಮೇಲಿರುವಂತೆ ತೋಳಿನಲ್ಲಿ ಹಿಡಿದೇ ಕುಡಿಸಬೇಕು. ಬಾಟಲಿಯನ್ನು ದಿಂಬಿಗೆ ಒರಗಿಸಿ ಮಗುವನ್ನು ಒಂಟಿಯಾಗಿ ಬಿಟ್ಟರೆ ಹಾಲು ಶ್ವಾಸನಾಳಕ್ಕೆ ಹೋಗಬಹುದು. ಹೆಚ್ಚು ಹೊತ್ತು ನಿದ್ರಿಸಲೆಂದು ಬಾಟಲಿಯ ಹಾಲಿಗೆ ಹಿಟ್ಟು ಕದಡುವುದೂ ಅಪಾಯಕರವೇ.

5. ಉಳಿದ ಹೊತ್ತುಗಳನ್ನು ಕಡಿಮೆ ಮಾಡುವ ಕ್ರಮ

ಹಗಲಿನ ಊಟ ಒಂದೆರಡು ವಾರ ಸ್ಥಿರವಾಗಿ ನಡೆದ ನಂತರವೇ ಈ ಹೆಜ್ಜೆ ಇಡಬೇಕು. ಒಂದು ಸಲಕ್ಕೆ ಒಂದೇ ಹೊತ್ತನ್ನು ಆರಿಸಿಕೊಳ್ಳಬೇಕು. ಮಗು ಅತಿ ಕಡಿಮೆ ಕುಡಿಯುವ ಹೊತ್ತು ಇದಕ್ಕೆ ಯೋಗ್ಯ. ಐದು ನಿಮಿಷಕ್ಕೂ ಕಡಿಮೆ ಕುಡಿದು ನಿದ್ದೆಹೋಗುವ ಮಗು ಹಸಿವಿಗಾಗಿ ಎದ್ದಿರುವ ಸಂಭವ ಕಡಿಮೆ. ಆ ಹೊತ್ತನ್ನು ನೇರವಾಗಿ ನಿಲ್ಲಿಸಿ ಬೇರೆ ರೀತಿಯಲ್ಲಿ ಮಲಗಿಸಬಹುದು. ಹೆಚ್ಚು ಕುಡಿಯುವ ಹೊತ್ತಾದರೆ ಪ್ರತಿ ಎರಡು ರಾತ್ರಿಗೊಮ್ಮೆ ಎರಡು ನಿಮಿಷದಂತೆ ಇಳಿಸುತ್ತ ಹೋಗಬೇಕು. ಪುಡಿ ಹಾಲಾದರೆ ಪ್ರತಿ ಎರಡು ರಾತ್ರಿಗೊಮ್ಮೆ 20ರಿಂದ 30 ಮಿಲಿಲೀಟರ್‌ನಂತೆ ಪ್ರಮಾಣವನ್ನು ಇಳಿಸಿ, 60 ಮಿಲಿಲೀಟರ್‌ಗೆ ಬಂದಾಗ ನಿಲ್ಲಿಸಬೇಕು. ಪುಡಿಯನ್ನು ಕಡಿಮೆ ಮಾಡಿ ನೀರನ್ನು ಹೆಚ್ಚಿಸುವುದು ತಪ್ಪು. ಇಳಿಯಬೇಕಾದುದು ಹಾಲಿನ ಪ್ರಮಾಣ, ಅದರ ಸಾಂದ್ರತೆಯಲ್ಲ.

ಹೀಗೆ ನಿಧಾನವಾಗಿ ಇಳಿಸುವುದು ತಾಯಿಗೂ ಹಿತ. ಒಮ್ಮೆಲೇ ನಿಲ್ಲಿಸಿದರೆ ಎದೆ ಬಿಗಿದು, ಗಂಟುಕಟ್ಟಿ, ಬಾವು ಬರಬಹುದು. ಬಿಗಿತ ಕಂಡರೆ ನೋವು ತಗ್ಗುವಷ್ಟು ಮಾತ್ರ ಹಾಲು ಹಿಂಡಿ ತೆಗೆಯಬೇಕು. ಕೆಂಪಾಗಿ ಕಾಯ್ದ ಗಂಟಿನೊಂದಿಗೆ ಜ್ವರವೂ ಬಂದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಆಗಲೂ ಹಾಲೂಡಿಕೆಯನ್ನು ನಿಲ್ಲಿಸಬಾರದು.

6. ಒಂದು ಉದಾಹರಣೆ

ಬಂದರಿನ ಕೆಲಸಕ್ಕೆ ಹೋಗುವ ತಾಯಿಯ ಒಂಬತ್ತು ತಿಂಗಳ ಹೆಣ್ಣು ಮಗುವೊಂದನ್ನು ಮಾದರಿಗಾಗಿ ಕಲ್ಪಿಸಿಕೊಳ್ಳಬಹುದು. ತೂಕ 7.8 ಕಿಲೋಗ್ರಾಂ, ತಾಯಿ ಕಾರ್ಡಿನ ಬೆಳವಣಿಗೆ ನಕ್ಷೆಯಲ್ಲಿ ಹಸಿರು ಪಟ್ಟಿಯಲ್ಲಿದೆ. ರಾತ್ರಿ ಎಂಟಕ್ಕೆ ಹಾಲು ಕುಡಿದು ಮಲಗುತ್ತದೆ. ಹತ್ತೂವರೆ, ಒಂದು ಮತ್ತು ಎರಡೂಮುಕ್ಕಾಲು ಗಂಟೆಗೆ ಏಳುತ್ತದೆ. ತಾಯಿ ನಾಲ್ಕೂಕಾಲಿಗೆ ಮತ್ತೊಮ್ಮೆ ಕುಡಿಸಿ ನಾಲ್ಕೂವರೆಗೆ ಹೊರಡುತ್ತಾಳೆ. ಹಗಲು ಅಜ್ಜಿ ಎರಡು ಬಾರಿ ಗಂಜಿಯ ತಿಳಿ ಕೊಡುತ್ತಾರೆ. ಮಧ್ಯಾಹ್ನ ಒಂದಕ್ಕೆ ತಾಯಿ ಬಂದು ಹಾಲು ಕುಡಿಸುತ್ತಾಳೆ.

ಮೊದಲ ಎರಡು ವಾರ ರಾತ್ರಿಯಲ್ಲಿ ಏನನ್ನೂ ಬದಲಾಯಿಸುವುದಿಲ್ಲ. ಬೆಳಿಗ್ಗೆ ಏಳೂವರೆಗೆ ಗಟ್ಟಿ ರಾಗಿ ಮಣ್ಣಿ, ಹತ್ತೂವರೆಗೆ ಮಸೆದ ಬಾಳೆಹಣ್ಣು ಮತ್ತು ಹಿಂಡಿಟ್ಟ ಎದೆಹಾಲು, ಒಂದಕ್ಕೆ ತಾಯಿ ಬಂದೊಡನೆ ಎದೆಹಾಲು, ಎರಡಕ್ಕೆ ಬೇಳೆ ಅಥವಾ ಮೀನು ಕಲಸಿದ ಅನ್ನ, ಐದಕ್ಕೆ ಮತ್ತೆ ಎದೆಹಾಲು, ಏಳಕ್ಕೆ ರಾತ್ರಿಯ ಊಟ, ಎಂಟಕ್ಕೆ ಮಲಗುವ ಮುನ್ನ ಎದೆಹಾಲು. ಸಂಜೆಯ ಎದೆಹಾಲನ್ನು ಮೊಬೈಲು, ಮಾತುಕತೆಗಳ ಗದ್ದಲವಿಲ್ಲದ ಕೋಣೆಯಲ್ಲಿ ಕೊಡುವುದು ಮುಖ್ಯ. ಈ ವಯಸ್ಸಿನ ಮಗು ಸುತ್ತಲಿನ ಸದ್ದಿಗೆ ತಲೆ ತಿರುಗಿಸಿ ಅರ್ಧಕ್ಕೇ ಬಿಡುತ್ತದೆ; ಬಿಟ್ಟದ್ದನ್ನು ರಾತ್ರಿ ಕೇಳುತ್ತದೆ.

ಮೂರನೆಯ ವಾರ ಹತ್ತು ಗಂಟೆಗೆ ನಿದ್ದೆಗಣ್ಣಿನ ಹಾಲೂಡಿಕೆ. ಹತ್ತೂವರೆಯ ಎಚ್ಚರ ತಪ್ಪಿ, ಒಂದು ಗಂಟೆಯದ್ದು ಒಂದೂವರೆಗೆ ಸರಿದರೆ ಕ್ರಮ ಹೊಂದಿತೆಂದು ತಿಳಿಯಬಹುದು.

ನಾಲ್ಕನೆಯ ವಾರ ಒಂದೂವರೆಯ ಹೊತ್ತನ್ನು ಇಳಿಸುವುದು. ಆಗ ಮಗು ಹತ್ತು ನಿಮಿಷ ಕುಡಿಯುತ್ತಿದ್ದರೆ ಮೊದಲ ಎರಡು ರಾತ್ರಿ ಎಂಟು ನಿಮಿಷ, ಮುಂದಿನ ಎರಡು ರಾತ್ರಿ ಆರು, ಅನಂತರ ಎರಡು ರಾತ್ರಿ ನಾಲ್ಕು. ಏಳನೆಯ ರಾತ್ರಿಯಿಂದ ಆ ಹೊತ್ತಿಗೆ ತಾಯಿ ಏಳುವುದಿಲ್ಲ; ತಂದೆ ಮಗುವನ್ನು ತಟ್ಟಿ ಮಲಗಿಸುತ್ತಾನೆ. ತಾಯಿಯ ಮೈಯ ವಾಸನೆ ಹತ್ತಿರದಲ್ಲಿದ್ದರೆ ಮಗು ಹಾಲನ್ನೇ ಬಯಸುವುದರಿಂದ ಈ ಕೆಲಸವನ್ನು ಬೇರೊಬ್ಬರು ಮಾಡಿದರೆ ಬೇಗ ಫಲಿಸುತ್ತದೆ. ಎರಡು ಮೂರು ರಾತ್ರಿ ಅಳು ಇರಬಹುದು. ತಟ್ಟಿದರೂ ಎತ್ತಿಕೊಂಡರೂ ಅಳು ನಿಲ್ಲದಿದ್ದರೆ ಹಸಿವೆಂದೇ ಬಗೆದು ಹಾಲು ಕೊಟ್ಟು, ಒಂದು ವಾರ ಬಿಟ್ಟು ಮತ್ತೆ ಪ್ರಯತ್ನಿಸಬೇಕು.

ಈಗ ಉಳಿದದ್ದು ಹತ್ತು ಗಂಟೆ, ಎರಡೂಮುಕ್ಕಾಲು ಮತ್ತು ನಾಲ್ಕೂಕಾಲು. ಇಲ್ಲಿ ನಿಂತು ತೂಕ ನೋಡಬೇಕು. ಈ ವಯಸ್ಸಿನಲ್ಲಿ ತಿಂಗಳಿಗೆ ಸುಮಾರು 200ರಿಂದ 250 ಗ್ರಾಂ ಏರಿಕೆ ಸಾಮಾನ್ಯ. ಹತ್ತನೆಯ ತಿಂಗಳಲ್ಲಿ ತೂಕ ಎಂಟು ಕಿಲೋಗ್ರಾಮಿನ ಸುಮಾರಿಗೆ ಬಂದಿದ್ದರೆ ಎರಡೂಮುಕ್ಕಾಲರ ಹೊತ್ತನ್ನು ಅದೇ ರೀತಿ ಇಳಿಸಬಹುದು. ಕೊನೆಗೆ ಹತ್ತು ಗಂಟೆಯ ಹಾಲು ಮತ್ತು ಹೊರಡುವ ಮುನ್ನ ನಾಲ್ಕೂಕಾಲರ ಹಾಲು ಉಳಿಯುತ್ತವೆ. ನಡುವಿನ ಸುಮಾರು ಆರು ಗಂಟೆ ತಾಯಿಯ ನಿದ್ದೆಗೆ ಸಿಗುತ್ತದೆ. ನಾಲ್ಕೂಕಾಲರ ಹಾಲನ್ನು ಮಾತ್ರ ಬಿಡಿಸಬಾರದು. ಮುಂದಿನ ದೀರ್ಘ ಅಗಲಿಕೆಗೆ ಮಗುವಿನ ಹೊಟ್ಟೆಯನ್ನೂ ತಾಯಿಯ ಎದೆಯನ್ನೂ ಸಿದ್ಧಗೊಳಿಸುವುದು ಅದೇ.

7. ಯಾವಾಗ ಕಡಿಮೆ ಮಾಡಬಾರದು?

ಆರು ತಿಂಗಳು ತುಂಬದ ಮಗು, ತೂಕದ ನಕ್ಷೆಯಲ್ಲಿ ಹಳದಿ ಅಥವಾ ಅದಕ್ಕಿಂತ ಕೆಳಗಿನ ಪಟ್ಟಿಯಲ್ಲಿರುವ ಮಗು, ಪೂರಕ ಆಹಾರವನ್ನು ಇನ್ನೂ ಸರಿಯಾಗಿ ತಿನ್ನದ ಮಗು: ಈ ಮೂವರಿಗೆ ರಾತ್ರಿಯ ಹಾಲು ಅಗತ್ಯ. ಅವಧಿಗೆ ಮುನ್ನ ಹುಟ್ಟಿದ ಅಥವಾ ಹುಟ್ಟಿದಾಗ ತೂಕ ಕಡಿಮೆಯಿದ್ದ ಮಗುವಿನ ವಿಷಯದಲ್ಲಿ ವೈದ್ಯರನ್ನು ಕೇಳದೆ ಮುಂದುವರಿಯಬಾರದು. ಜ್ವರ, ಭೇದಿ, ವಾಂತಿ ಇರುವಾಗ ಆರಂಭಿಸಿದ ಕ್ರಮವನ್ನೂ ನಿಲ್ಲಿಸಿ ಕೇಳಿದಷ್ಟು ಹಾಲು ಕೊಡಬೇಕು. ಗುಣವಾದ ನಂತರವೂ ಕೆಲವು ದಿನ ಮಗು ಹೆಚ್ಚು ಕುಡಿಯುವುದು ಸಹಜ.

ಕಡಿಮೆ ಮಾಡಿದ್ದು ಅತಿಯಾಯಿತೆಂದು ತಿಳಿಯುವ ಗುರುತುಗಳು ಸರಳವಾಗಿವೆ. ಮಗು ದಿನಕ್ಕೆ ಆರಕ್ಕಿಂತ ಕಡಿಮೆ ಬಾರಿ ಮೂತ್ರ ಮಾಡುವುದು, ಮೂತ್ರ ಗಾಢ ಹಳದಿಯಾಗುವುದು, ಹಗಲಿನಲ್ಲಿ ಮಂಕಾಗಿರುವುದು, ಒಂದು ತಿಂಗಳ ಅಂತರದ ಎರಡು ತೂಕಗಳ ನಡುವೆ ಏರಿಕೆಯಿಲ್ಲದಿರುವುದು. ಇವುಗಳಲ್ಲಿ ಒಂದು ಕಂಡರೂ ಬಿಡಿಸಿದ ಹೊತ್ತನ್ನು ಮತ್ತೆ ಆರಂಭಿಸಿ, ಆರೋಗ್ಯ ಕೇಂದ್ರದಲ್ಲಿ ತೋರಿಸಬೇಕು.

8. ಸದಸ್ಯರು ಗಮನಿಸಬೇಕಾದುದು

ಗೃಹ ಆಧಾರಿತ ಶಿಶು ಆರೈಕೆ ಕಾರ್ಯಕ್ರಮದಡಿ ಆಶಾ ಕಾರ್ಯಕರ್ತೆಯರು ಮಗುವಿನ 3, 6, 9, 12 ಮತ್ತು 15ನೆಯ ತಿಂಗಳಲ್ಲಿ ಮನೆಭೇಟಿ ನೀಡಬೇಕು. ಬಂದರಿಗೆ ಹೋಗುವ ತಾಯಿ ಬೆಳಗಿನ ಭೇಟಿಯಲ್ಲಿ ಸಿಗುವುದಿಲ್ಲ. ಆಗ ಮಾಹಿತಿ ಅಜ್ಜಿಯಿಂದ ಮಾತ್ರ ದೊರೆಯುತ್ತದೆ. ಇಂತಹ ಮನೆಗಳ 6 ಮತ್ತು 9ನೆಯ ತಿಂಗಳ ಭೇಟಿಗಳನ್ನು ಮಧ್ಯಾಹ್ನ ಮೂರರ ನಂತರ ಇರಿಸುವಂತೆ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ಗೊತ್ತುಪಡಿಸಬಹುದು. ಹಗಲು ಮಗುವಿಗೆ ಉಣಿಸುವವರು ಅಜ್ಜಿಯೇ ಆದ್ದರಿಂದ ಆಹಾರದ ಹದವನ್ನು ಚಮಚದಲ್ಲಿ ಎತ್ತಿ ತೋರಿಸುವಾಗ ಅವರೂ ಎದುರಿಗಿರಬೇಕು.

ಅಂಗನವಾಡಿಯಿಂದ ಆರು ತಿಂಗಳು ಮೇಲ್ಪಟ್ಟ ಮಗುವಿಗೆ ಮನೆಗೆ ಕೊಡುವ ಪೌಷ್ಟಿಕ ಆಹಾರವು ಮನೆಮಂದಿಯ ನಡುವೆ ಹಂಚಿಹೋಗದೆ ಮಗುವಿನ ಬಟ್ಟಲಿಗೇ ಬೀಳುತ್ತಿದೆಯೇ ಎಂಬುದನ್ನು ವಿಚಾರಿಸಬೇಕು. ತಿಂಗಳ ತೂಕ ತಪ್ಪಿದ ಮಕ್ಕಳ ಪಟ್ಟಿಯನ್ನು ಅಂಗನವಾಡಿ ಕಾರ್ಯಕರ್ತೆಯಿಂದ ಪಡೆದರೆ, ಬಂದರಿನ ಕೆಲಸದ ಮನೆಗಳು ಅದರಲ್ಲಿ ಎಷ್ಟಿವೆಯೆಂಬುದು ಕೂಡಲೇ ತಿಳಿಯುತ್ತದೆ.

ರಾಜ್ಯದ ಗ್ರಾಮ ಪಂಚಾಯತಿಗಳಲ್ಲಿ ಮುಖ್ಯವಾಗಿ ನರೇಗಾ ಕೂಲಿಕಾರರ ಮಕ್ಕಳಿಗಾಗಿ ತೆರೆಯಲಾದ ಕೂಸಿನ ಮನೆಗಳು ಏಳು ತಿಂಗಳಿಂದ ಮೂರು ವರ್ಷದ ಮಕ್ಕಳನ್ನು ನೋಡಿಕೊಳ್ಳುತ್ತವೆ. ಕೂಸಿನ ಮನೆಯಿರುವ ಪಂಚಾಯತಿಗಳಲ್ಲಿ ಹಿಂಡಿಟ್ಟ ಎದೆಹಾಲನ್ನು ಮಗುವಿನ ಹೆಸರು ಬರೆದು ತಂಪಾಗಿಡುವ ವ್ಯವಸ್ಥೆಯಿದೆಯೇ, ಆರೈಕೆದಾರರು ಅದನ್ನು ಲೋಟದಿಂದ ಕುಡಿಸಬಲ್ಲರೇ, ಊಟದ ಹದ ಸರಿಯಿದೆಯೇ ಎಂದು ಸದಸ್ಯರು ಭೇಟಿಯ ವೇಳೆ ನೋಡಬಹುದು. ನಸುಕಿನಲ್ಲಿ ಹೊರಡುವ ತಾಯಂದಿರಿಗೆ ಬೆಳಕು ಹರಿದ ಮೇಲೆ ತೆರೆಯುವ ಕೇಂದ್ರದಿಂದ ಅರ್ಧ ಉಪಯೋಗವಷ್ಟೇ. ಮಗುವನ್ನು ಅಲ್ಲಿಯವರೆಗೆ ನೋಡಿಕೊಂಡು ಕರೆತರುವವರು ಮನೆಯಲ್ಲಿದ್ದಾರೆಯೇ ಎಂಬುದನ್ನೂ ಪರಿಗಣಿಸಬೇಕಾಗುತ್ತದೆ.

ಕೊನೆಯದಾಗಿ ಸಮಯದ ಆಯ್ಕೆ. ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆ ಅವಧಿಯಲ್ಲಿ ಬಂದರಿನ ಕೆಲಸ ಇಳಿದು ಅನೇಕ ತಾಯಂದಿರು ಹಗಲು ಮನೆಯಲ್ಲಿರುತ್ತಾರೆ. ಹಗಲಿನ ಹಾಲು ತಾನಾಗಿಯೇ ಹೆಚ್ಚುತ್ತದೆ. ಮೇಲಿನ ಕ್ರಮಕ್ಕೆ ಬೇಕಾದ ನಾಲ್ಕೈದು ವಾರಗಳು ಇದರೊಳಗೆ ಸಲೀಸಾಗಿ ಸಿಗುತ್ತವೆ. ಮಳೆಗಾಲದಲ್ಲಿ ಭೇದಿ, ಶೀತ ಹೆಚ್ಚಿರುವುದರಿಂದ ನಡುವೆ ಒಂದು ವಾರ ನಿಲ್ಲಬೇಕಾಗಿ ಬರಬಹುದು. ಆದುದರಿಂದ ಆರು ತಿಂಗಳು ದಾಟಿದ ಮಕ್ಕಳಿರುವ ಮನೆಗಳನ್ನು ಮೇ ತಿಂಗಳಲ್ಲೇ ಗುರುತಿಸಿ, ಜೂನ್ ಮೊದಲ ವಾರದ ತೂಕದೊಂದಿಗೆ ಆರಂಭಿಸಿದರೆ, ಆಗಸ್ಟಿನಲ್ಲಿ ಬೋಟುಗಳು ಮತ್ತೆ ಕಡಲಿಗಿಳಿಯುವ ಮುನ್ನ ಎರಡನೆಯ ತೂಕವೂ ಕೈಯಲ್ಲಿರುತ್ತದೆ.